ಅಸಲು ಬಂತು, ಬಡ್ಡಿ ಕೇಳಿದೆ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಟರ್ನಿಂಗ್ ಶಾಪ್. 2023ರ ಜೂನ್ 1ಕ್ಕೆ ಒಂದು ದೊಡ್ಡ ಕಂಪನಿಗೆ ಜಿಎಸ್‌ಟಿ ಸೇರಿ 8 ಲಕ್ಷದ ಬುಷ್‌ಗಳನ್ನು ಕಳಿಸಿದೆವು. ಅವರ ಖರೀದಿ ಆದೇಶ, ಅಂದರೆ ಪಿಒದಲ್ಲಿ, ಹಣ ಕೊಡೋಕೆ 90 ದಿನ ಅಂತ ಬರೆದಿತ್ತು. ನಾನೂ 90 ದಿನ ಕಾದೆ. ಆಮೇಲೆ ನಮ್ಮ ಆಡಿಟರ್ ಹೇಳಿದರು: "ಪಿಒದಲ್ಲಿ ಎಷ್ಟೇ ಬರೆದಿರಲಿ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನಕ್ಕಿಂತ ಜಾಸ್ತಿ ಇಲ್ಲ."

45 ದಿನ ಎಲ್ಲಿಂದ ಶುರು ಅನ್ನೋದರ ಮೇಲೇ ಜಗಳ ಆಗೋದು. ಮಾಲು ತಲುಪಿದ 15 ದಿನದೊಳಗೆ ಅವರು ಬರಹದಲ್ಲಿ ತಕರಾರು ಮಾಡದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಕ್ವಾಲಿಟಿ ಸರಿಯಿಲ್ಲ ಅಂತ ಅವರ ಇಮೇಲ್ ಬಂದದ್ದು ಸೆಪ್ಟೆಂಬರ್‌ನಲ್ಲಿ. ನನ್ನ ಹತ್ತಿರ ಮಾಲು ತಲುಪಿಸಿದ ಚಲನ್ ಇತ್ತು, ಅದರ ಮೂಲೆಯಲ್ಲಿ ಅವರ ಗೇಟಿನ ನೀಲಿ ಮೊಹರು, ಒಳಗೆ ಸೆಕ್ಯುರಿಟಿಯವರು ಪೆನ್ನಲ್ಲಿ ಬರೆದ 1-6-23. ಮೊಹರು ಅರ್ಧ ಮಾಸಿತ್ತು. ಪುಣ್ಯಕ್ಕೆ ತಾರೀಖು ಓದೋಕೆ ಆಗುತ್ತಿತ್ತು.

ಅಂದರೆ ಜುಲೈ 16 ಕೊನೆ ದಿನ, 17ರಿಂದ ಬಡ್ಡಿ. ದರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ನಾನು ಮೊದಲು ರೆಪೋ ದರ 6.5 ಹಾಕಿ ತಪ್ಪು ಲೆಕ್ಕ ಮಾಡಿದ್ದೆ. ಆಗ ಬ್ಯಾಂಕ್ ರೇಟ್ ಶೇ 6.75, ಅಂದರೆ ಬಡ್ಡಿ ವರ್ಷಕ್ಕೆ ಶೇ 20.25. ಮೊದಲ ತಿಂಗಳು 13,500 ರೂಪಾಯಿ. ಎರಡನೇ ತಿಂಗಳು 8,13,500ರ ಮೇಲೆ 13,728. ಹೀಗೇ ಏರುತ್ತದೆ.

ಡಿಸೆಂಬರ್‌ನಲ್ಲಿ, ಸಣ್ಣ ಉದ್ದಿಮೆಗಳ ಬಾಕಿ ದೂರಿಗೆಂದು ಸರ್ಕಾರ ಮಾಡಿದ್ದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿದೆ. ಸಣ್ಣ ಉದ್ದಿಮೆ ಅಂತ ನೋಂದಾಯಿಸಿದ ಉದ್ಯಮ್ ನಂಬರ್, ಪಿಒ, ಇನ್‌ವಾಯ್ಸ್, ಚಲನ್, ಅಷ್ಟೇ. ಉದ್ಯಮ್ ನೋಂದಣಿ ಮಾತ್ರ ಮಾಲು ಕೊಡೋ ಮುಂಚೆಯೇ ಆಗಿರಬೇಕಿತ್ತು. ನಮ್ಮದು ಆಗಿತ್ತು.

2024ರ ಮಾರ್ಚ್ 16ಕ್ಕೆ ಅಸಲು ಬಂತು. ನನ್ನ ದೂರಿಗೆ ಹೆದರಿ ಅಂತ ಅಂದುಕೊಳ್ಳೋದಿಲ್ಲ. ಆ ವರ್ಷದಿಂದ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನೋ ಹೊಸ ನಿಯಮ ಬಂದಿತ್ತು. ನಮ್ಮಂಥವರ ಬಾಕಿ ಗಡುವು ಮೀರಿ, ಮಾರ್ಚ್ 31ಕ್ಕೂ ಉಳಿದರೆ ಕೊಂಡವರು ಅದನ್ನು ಆ ವರ್ಷದ ಖರ್ಚಿನಲ್ಲಿ ತೋರಿಸೋಕೆ ಆಗಲ್ಲ. ಹಣ ಬಿಡುವ ಮುಂಚೆ ಅವರ ಅಕೌಂಟ್ಸ್‌ನವರು "ಯಾವ ಬಾಕಿಯೂ ಇಲ್ಲ" ಅಂತ ಪತ್ರ ಕೇಳಿದರು. ನಾನು ಬರೆದದ್ದು ಇಷ್ಟೇ: "ಅಸಲು ಪಡೆದುಕೊಳ್ಳುತ್ತೇವೆ, ಬಡ್ಡಿಯ ಹಕ್ಕು ಉಳಿದಿದೆ." ಎರಡು ದಿನ ಸತಾಯಿಸಿ ಹಣ ಬಿಟ್ಟರು.

ಎಂಟು ತಿಂಗಳ ಬಡ್ಡಿ 1,14,598. ಇಂಥ ದೂರು ವಿಚಾರಿಸುವ ಸರ್ಕಾರಿ ಕೌನ್ಸಿಲ್ ಮುಂದೆ ಸಂಧಾನದಲ್ಲಿ ಅವರು ಮೊದಲು "ಪಿಒದಲ್ಲಿ ಬಡ್ಡಿ ಇಲ್ಲ ಅಂತಿದೆ ಅಲ್ವಾ" ಅಂದರು. ಕಾಯ್ದೆಯ ಮುಂದೆ ಆ ಷರತ್ತು ನಿಲ್ಲಲ್ಲ ಅಂತ ಅವರ ವಕೀಲರಿಗೇ ಗೊತ್ತಿತ್ತು. ಸಂಧಾನ ಮುರಿದರೆ ಆರ್ಬಿಟ್ರೇಶನ್. ಅಲ್ಲಿ ಸೋತು ಕೋರ್ಟಿಗೆ ಹೋಗಬೇಕಂದ್ರೆ ಅವರು ಮೊದಲು ಮೊತ್ತದ ಶೇ 75 ಠೇವಣಿ ಇಡಬೇಕು. 90,000 ಒಂದೇ ಕಂತಲ್ಲಿ ಕೊಡ್ತೀವಿ ಅಂದರು. ಒಪ್ಪಿದೆ. ಇನ್ನೂ ಎಳೆದಾಡಿದ್ದರೆ ಪೂರ್ತಿ ಸಿಗುತ್ತಿತ್ತೇನೋ, ಆದರೆ ಮಶೀನ್ ಬಿಟ್ಟು ಓಡಾಡೋನು ನಾನೇ.

ಆರ್ಡರ್ ಪೂರ್ತಿ ನಿಂತಿಲ್ಲ, ಮುಂಚೆಗಿಂತ ಕಡಿಮೆ. ಈಗ ಬರುವ ಪಿಒದಲ್ಲಿ 45 ದಿನ ಅಂತ ಇರುತ್ತದೆ.