ಸಂಪಾಜೆ ಘಾಟಿ ಇಳಿಯೋವಾಗ ಎಕ್ಸಾಸ್ಟ್ ಬ್ರೇಕ್: ನನ್ನ ಅನುಭವ

ಕುಶಾಲನಗರದಿಂದ ಮಂಗಳೂರಿಗೆ ಕಾಫಿ ಲೋಡ್ ಹೊಡೀತೀನಿ, ಹತ್ತು ಚಕ್ರದ ಗಾಡಿ, ಲೋಡೂ ಗಾಡೀನೂ ಸೇರಿ 25 ಟನ್. ಮಡಿಕೇರಿಯಿಂದ ಸಂಪಾಜೆ ತಲುಪೋಷ್ಟರಲ್ಲಿ ಹತ್ರ ಹತ್ರ 1000 ಮೀಟರ್ ಕೆಳಗೆ ಇಳೀತೀವಿ. ಆ ತೂಕ ಅಷ್ಟು ಎತ್ತರದಿಂದ ಇಳಿಯೋವಾಗ ಬಿಡೋ ಶಕ್ತೀನ ಕರೆಂಟ್ ಲೆಕ್ಕದಲ್ಲಿ ಹೇಳಿದ್ರೆ 68 ಯೂನಿಟ್, ಸಣ್ಣ ಮನೆಗೆ ಒಂದು ತಿಂಗಳು ಸಾಕಾಗೋಷ್ಟು. ಅದೆಲ್ಲಾ ಒಂದು ಗಂಟೆ ಒಳಗೆ ಎಲ್ಲಾದ್ರೂ ಹೋಗ್ಲೇಬೇಕಲ್ವಾ, ಕಾಲಿನ ಬ್ರೇಕಲ್ಲೇ ಹಿಡೀತಾ ಹೋದ್ರೆ ಬಹುಪಾಲು ಬಿಸಿ ಬ್ರೇಕ್ ಡ್ರಮ್ಮಿಗೇ ಹೋಗುತ್ತೆ, ಡ್ರಮ್ ಕಾದು ಹಿಗ್ಗುತ್ತೆ, ಲೈನರ್ ಹಿಡಿತ ಬಿಡುತ್ತೆ, ಪೆಡಲ್ ಎಷ್ಟು ಒತ್ತಿದ್ರೂ ಗಾಡಿ ಕೇಳಲ್ಲ.

ಎಕ್ಸಾಸ್ಟ್ ಬ್ರೇಕ್ ಮಾಡೋದು ಸಿಂಪಲ್. ಹೊಗೆ ಪೈಪಲ್ಲಿ ಒಂದು ತಟ್ಟೆ ಥರದ ವಾಲ್ವ್ ಇರುತ್ತೆ, ಸ್ವಿಚ್ ಒತ್ತಿದ್ರೆ ಏರ್ ಸಿಲಿಂಡರ್ ಅದನ್ನ ಮುಚ್ಚುತ್ತೆ, ಡೀಸೆಲ್ ಕಟ್ ಆಗುತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲದ ಗಾಳೀನ ಪಿಸ್ಟನ್ ತಳ್ಳಬೇಕು, ಆ ಕಷ್ಟ ಗೇರ್ ಬಾಕ್ಸ್ ಮೂಲಕ ಹಿಂದಿನ ಚಕ್ರಕ್ಕೆ ಬರುತ್ತೆ. ಬಿಸಿ ರೇಡಿಯೇಟರಲ್ಲಿ, ಹೊಗೆ ಪೈಪಲ್ಲಿ ಹೋಗುತ್ತೆ, ಡ್ರಮ್ ತಣ್ಣಗಿರುತ್ತೆ. ಆದ್ರೆ ಇದಕ್ಕೆ ಬಲ ಬರೋದು ಆರ್‌ಪಿಎಂ ಇಂದ. ಟಾಪ್ ಗೇರಲ್ಲಿ 1200 ಓಡ್ತಾ ಸ್ವಿಚ್ ಒತ್ತಿ "ಇದು ಹಿಡಿಯಲ್ಲ ಮಾರಾಯ" ಅನ್ನೋರು ತುಂಬಾ ಜನ, ತಪ್ಪು ಸ್ವಿಚ್ಚಿಂದಲ್ಲ, ಗೇರಿಂದು. ನಾನು ಮಡಿಕೇರಿ ಬಿಟ್ಟು ತಾಳತ್ತಮನೆ ಹತ್ರಾನೇ ಮೂರನೇ ಗೇರಿಗೆ ಹಾಕ್ಕೊಂಡ್ಬಿಡ್ತೀನಿ, ವಾಪಸ್ ಲೋಡಲ್ಲಿ ಅದೇ ರೋಡ್ ಹತ್ತೋಕೆ ಯಾವ ಗೇರ್ ಬೇಕೋ ಅದೇ. ಇಳಿಜಾರಲ್ಲಿ ಸ್ಪೀಡ್ ಏರಿದ ಮೇಲೆ ಕ್ಲಚ್ ಒತ್ತಿದ್ರೆ ಎಕ್ಸಾಸ್ಟ್ ಬ್ರೇಕ್ ಬಿಟ್ಟುಹೋಗುತ್ತೆ, ಕೆಳಗಿನ ಗೇರೂ ಬೀಳ್ದೇ ಹೋದ್ರೆ ಗಾಡಿ ನ್ಯೂಟ್ರಲ್ಲಲ್ಲಿ. ಡೀಸೆಲ್ ಉಳಿಯುತ್ತೆ ಅಂತ ಬೇಕಂತಲೇ ನ್ಯೂಟ್ರಲ್ ಮಾಡೋರಿಗೆ ಒಂದು ಮಾತು, ಈಗಿನ ಇಂಜಿನ್ ಗೇರಲ್ಲಿ ಕಾಲು ತೆಗೆದು ಇಳೀತಿದ್ರೆ ಡೀಸೆಲ್ಲೇ ಕುಡಿಯಲ್ಲ, ನ್ಯೂಟ್ರಲ್ಲಲ್ಲೇ ಕುಡಿಯೋದು.

ಎರಡು ಮಳೆಗಾಲದ ಹಿಂದಿನ ವಿಷ್ಯ. ರಾತ್ರಿ, ಮಳೆ, ಮೂರನೇ ಗೇರು, ಎಂದಿನ ಹಾಗೆ ಸ್ವಿಚ್ ಒತ್ತಿದೆ. ದಿನಾ ಆ ಇಳಿಜಾರಲ್ಲಿ ಮುಳ್ಳು 2000 ಹತ್ರ ನಿಲ್ಲುತ್ತೆ, ಇಂಜಿನ್ ಗಂಟಲು ಹಿಡಿದ ಹಾಗೆ ದಪ್ಪ ಸೌಂಡ್ ಮಾಡುತ್ತೆ. ಅವತ್ತು ಸೌಂಡೇ ಬದಲಾಗ್ಲಿಲ್ಲ, ಮುಳ್ಳು ಏರ್ತಾನೇ ಇತ್ತು. ಮಳೆ ಸದ್ದಲ್ಲಿ ನಂಗೆ ತಕ್ಷಣ ಹೊಳೀಲಿಲ್ಲ, ಕೆಂಪು ಪಟ್ಟಿಗೆ ಹೋಗಬಾರದು ಅಂತ ಕಾಲಲ್ಲೇ ಹಿಡೀತಾ ಹಿಡೀತಾ ಬಂದೆ. ಜೋಡುಪಾಲ ದಾಟೋಷ್ಟರಲ್ಲಿ ಕ್ಲೀನರ್ ಹುಡುಗ "ಅಣ್ಣ, ವಾಸನೆ ಬರ್ತಿದೆ" ಅಂದ. ಸುಟ್ಟ ಲೈನರ್ ವಾಸನೆ. ಪೆಡಲಲ್ಲಿ ಇನ್ನೂ ಹಿಡಿತ ಇದ್ದಾಗ್ಲೇ ಅಗಲ ಜಾಗ ನೋಡಿ ನಿಲ್ಲಿಸಿದ್ವಿ, ಚಕ್ರಕ್ಕೆ ಕಲ್ಲು ಕೊಟ್ವಿ. ಹಿಂದಿನ ಡ್ರಮ್ ಮೇಲೆ ಬಿದ್ದ ಮಳೆಹನಿ ಚುರ್ ಅಂತ ಆವಿಯಾಗ್ತಿತ್ತು. ಹುಡುಗ ಬಕೆಟ್ ನೀರು ತಂದ, ಬೇಡ ಅಂದೆ, ಕಾದ ಡ್ರಮ್ಮಿಗೆ ನೀರು ಸುರಿದ್ರೆ ಸೀಳುತ್ತೆ. ಒಂದು ಗಂಟೆ ಮೇಲೆ ಕಾದು, ಆಮೇಲೆ ಎರಡನೇ ಗೇರಲ್ಲಿ ಕೊಯನಾಡು ಕಡೆ ನಿಧಾನ ಇಳಿದ್ವಿ.

ಬೆಳಿಗ್ಗೆ ಸುಳ್ಯದಲ್ಲಿ ಮೇಸ್ತ್ರಿ ಕೆಳಗೆ ಮಲಗಿ ನೋಡಿದ್ರೆ ಏರ್ ಬರ್ತಿದೆ, ಸಿಲಿಂಡರ್ ತಳ್ತಿದೆ, ಆದ್ರೆ ತಟ್ಟೆಯ ಶಾಫ್ಟ್ ಕಾರ್ಬನ್ ಕಟ್ಟಿ ತೆರೆದ ಕಡೆಯೇ ಜಾಮ್. ಸ್ಪ್ರೇ ಹೊಡೆದು ಲಿವರ್ ಆಚೆ ಈಚೆ ಆಡಿಸಿ ಆಡಿಸಿ ಬಿಡಿಸಿದ್ರು. ಅದಕ್ಕೆ ಮಾಮೂಲಿ ಆಯಿಲ್ ಹಾಕ್ಬೇಡಿ ಅಂದ್ರು, ಆ ಬಿಸಿಗೆ ಅದೂ ಸುಟ್ಟು ಕಾರ್ಬನ್ನೇ ಆಗುತ್ತೆ. ಇದೇ ತಟ್ಟೆ ಮುಚ್ಚಿದ ಕಡೆ ಜಾಮ್ ಆದ್ರೆ ಗಾಡಿ ಎಳೆಯಲ್ಲ, ಕಪ್ಪು ಹೊಗೆ ಬರುತ್ತೆ, ಅದಾದ್ರೂ ಬೇಗ ಗೊತ್ತಾಗುತ್ತೆ. ತೆರೆದೇ ಜಾಮ್ ಆದ್ರೆ ಸಪಾಟು ರೋಡಲ್ಲಿ ಏನೂ ಗೊತ್ತಾಗಲ್ಲ, ಘಾಟಿಯಲ್ಲೇ ಗೊತ್ತಾಗೋದು.

ಎಕ್ಸಾಸ್ಟ್ ಬ್ರೇಕ್ ಸರಿ ಇದ್ರೂ ಅದೊಂದೇ ಸಾಕಾಗಲ್ಲ, ಗಾಡಿ ನಿಲ್ಲಿಸೋಕೆ ಅದು ಇರೋದೂ ಅಲ್ಲ. ತಿರುವಿಗೆ ಮುಂಚೆ ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಎಂಟ್ಹತ್ತು ಕಿಲೋಮೀಟರ್ ಸ್ಪೀಡ್ ಇಳಿಸಿ ಪೂರ್ತಿ ಬಿಡ್ತೀನಿ, ಮೆತ್ತಗೆ ಒತ್ತಿಕೊಂಡೇ ಇರಲ್ಲ. ಖಾಲಿ ಗಾಡೀಲಿ, ಮಳೇಲಿ ತಿರುವಿನ ಮಧ್ಯೆ ಸ್ವಿಚ್ ಒತ್ತಲ್ಲ, ಹಿಡಿತ ಬರೀ ಹಿಂದಿನ ಚಕ್ರಕ್ಕೆ ಬರೋದ್ರಿಂದ ಹಿಂಭಾಗ ಜಾರುತ್ತೆ. ಮತ್ತೆ ಈಗ ಮಡಿಕೇರಿಗೆ ಮುಂಚೆ ಸಪಾಟು ಸಿಕ್ಕ ಕಡೆ ಗೇರಲ್ಲೇ ಒಂದ್ಸಲ ಸ್ವಿಚ್ ಒತ್ತಿ ಆ ದಪ್ಪ ಸೌಂಡ್ ಕೇಳಿಸ್ಕೊಳ್ತೀನಿ, ಕೇಳಿಸ್ಲಿಲ್ಲ ಅಂದ್ರೆ ಲೋಡ್ ಲೇಟಾದ್ರೂ ಇಳಿಯಲ್ಲ.