ಬಲಗೈ ಬ್ಯಾಟರ್‌ಗೆ ಆಫ್ ಸ್ಪಿನ್: ನಾನು ಫೀಲ್ಡಿಂಗ್ ನಕ್ಷೆ ಹಾಕುವ ರೀತಿ

ಕ್ಲಬ್ ಹುಡುಗರಿಗೆ ಕೋಚಿಂಗ್ ಮಾಡುವಾಗ ಪ್ಲಾನನ್ನು ಬಾಯಲ್ಲಿ ಹೇಳುವುದಕ್ಕಿಂತ ಗ್ರಾಫ್ ಹಾಳೆಯಲ್ಲಿ ಬರೆದು ಕೊಡುತ್ತೇನೆ. 1 ಸೆಂ.ಮೀ. ಅಂದರೆ 10 ಗಜ. ಹಾಗಾಗಿ ಪಿಚ್ 2.2 ಸೆಂ.ಮೀ. ಬರುತ್ತದೆ. ಬೌಲರ್ ಕೆಳಗೆ, ಬ್ಯಾಟರ್ ಮೇಲೆ. ಹೀಗೆ ಬರೆದರೆ ಬಲಗೈ ಬ್ಯಾಟರ್‌ನ ಎದೆ ಹಾಳೆಯ ಎಡಕ್ಕೆ ಇರುತ್ತದೆ, ಅದೇ ಆಫ್ ಸೈಡ್. ಯಾವ ಹೆಸರು ಬರೆಯುವ ಮೊದಲೂ ಎಡಕ್ಕೆ ‘ಆಫ್’, ಬಲಕ್ಕೆ ‘ಲೆಗ್’ ಅಂತ ಬರೆದುಬಿಡುತ್ತೇನೆ.

ಆಮೇಲೆ ಬ್ಯಾಟರ್ ಕಡೆಯ ಪಾಪಿಂಗ್ ಕ್ರೀಸನ್ನು ಪೆನ್ಸಿಲ್‌ನಲ್ಲಿ ಎರಡೂ ಬದಿಯ ಬೌಂಡರಿವರೆಗೆ ಎಳೆಯುತ್ತೇನೆ. ಈ ಗೆರೆ ಬಹಳ ಮುಖ್ಯ. ಹುಡುಗರು ಪಾಯಿಂಟನ್ನು ಪಿಚ್‌ನ ಮಧ್ಯಕ್ಕೆ ನೇರವಾಗಿ ಬರೆಯುತ್ತಾರೆ. ಆ ಜಾಗ ನಿಜಕ್ಕೂ ಕವರ್ ಕಡೆಗೆ ಹೋಗುತ್ತದೆ. ಪಾಯಿಂಟ್, ಸ್ಕ್ವೇರ್ ಲೆಗ್ ಎರಡೂ ಈ ಗೆರೆಯ ಹತ್ತಿರ ಬರಬೇಕು. ಹೆಸರುಗಳನ್ನು ಬ್ಯಾಟರ್ ನಿಂತ ಜಾಗದಿಂದ ಲೆಕ್ಕ ಹಾಕುತ್ತಾರೆ, ಮೈದಾನದ ನಡುವಿನಿಂದ ಅಲ್ಲ.

ನನ್ನ ಪ್ಲಾನ್ ಹೀಗಿರುತ್ತದೆ. ಚೆಂಡು ಆಫ್ ಸ್ಟಂಪ್‌ನ ಸ್ವಲ್ಪ ಹೊರಗೆ ಬಿದ್ದು ಒಳಕ್ಕೆ ತಿರುಗಬೇಕು. ಬ್ಯಾಟರ್ ಕವರ್ ಡ್ರೈವ್ ಮಾಡಲು ಹೋಗಬೇಕು. ಅದಕ್ಕೇ ಹತ್ತಿರದ ಕವರ್ ಖಾಲಿ ಬಿಡುತ್ತೇನೆ, ಬೌಂಡರಿಯಲ್ಲಿ ಡೀಪ್ ಕವರ್ ಇಡುತ್ತೇನೆ. ತಿರುವಿಗೆ ಎದುರಾಗಿ ಹೊಡೆಯುವಾಗ ಬ್ಯಾಟ್ ಮತ್ತು ಪ್ಯಾಡ್ ನಡುವೆ ಜಾಗ ಆಗುತ್ತದೆ, ಬೌಲ್ಡ್ ಆಗುವ ಅವಕಾಶ ಅಲ್ಲಿದೆ. ಆಫ್ ಕಡೆ ಇನ್ನು ಮೂವರು: ತಿರುಗದೆ ಹೋಗುವ ಚೆಂಡಿಗೆ ಸ್ಲಿಪ್, ಜೊತೆಗೆ ಪಾಯಿಂಟ್, ಮಿಡ್ ಆಫ್. ಲೆಗ್ ಕಡೆ ಐವರು: ಶಾರ್ಟ್ ಲೆಗ್, ಲೆಗ್ ಸ್ಲಿಪ್, ಮಿಡ್ ವಿಕೆಟ್, ಮಿಡ್ ಆನ್, ಡೀಪ್ ಬ್ಯಾಕ್‌ವರ್ಡ್ ಸ್ಕ್ವೇರ್ ಲೆಗ್. ಒಟ್ಟು ಒಂಬತ್ತು. ಇವರಲ್ಲಿ ನನಗೆ ಶಾರ್ಟ್ ಲೆಗ್ ಮೇಲೆ ಪ್ರೀತಿ ಜಾಸ್ತಿ. ಏಕನಾಥ್ ಸೋಲ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು, ಹೆಚ್ಚಾಗಿ ಅಲ್ಲಿ ನಿಂತೇ ಹೆಸರು ಮಾಡಿದವರು. ಒಳ್ಳೆಯ ಸ್ಪಿನ್ನರ್‌ಗೆ ಅಂಥವನೊಬ್ಬ ಬೇಕೇ ಬೇಕು, ಅಲ್ವಾ?

ಈಗ ಪೆನ್ಸಿಲ್ ಗೆರೆ ಮತ್ತೆ ಕೆಲಸಕ್ಕೆ ಬರುತ್ತದೆ. ಚೆಂಡು ಎಸೆಯುವ ಕ್ಷಣದಲ್ಲಿ ಲೆಗ್ ಕಡೆ ಈ ಗೆರೆಯ ಹಿಂದೆ, ವಿಕೆಟ್ ಕೀಪರ್ ಬಿಟ್ಟು, ಇಬ್ಬರಿಗಿಂತ ಜಾಸ್ತಿ ಇರಬಾರದು. ಇದ್ದರೆ ನೋ ಬಾಲ್. ಲೆಗ್ ಸ್ಲಿಪ್ ಮತ್ತು ಡೀಪ್ ಬ್ಯಾಕ್‌ವರ್ಡ್ ಸ್ಕ್ವೇರ್ ಸೇರಿ ಆಗಲೇ ಇಬ್ಬರಾದರು. ಹಾಗಾಗಿ ಶಾರ್ಟ್ ಲೆಗ್ ಗೆರೆಯ ಮುಂದೆಯೇ ಇರಬೇಕು, ಅದೂ ಇಡೀ ಮೈ ಮುಂದಿರಬೇಕು. ಒಂದು ಕಾಲು ಗೆರೆಯ ಮೇಲಿದ್ದರೂ ಅವನು ಹಿಂದಿದ್ದಂತೆಯೇ ಲೆಕ್ಕ. ಹಾಳೆಯಲ್ಲಿ ಅವನ ಚುಕ್ಕೆಯನ್ನು ಗೆರೆಗೆ ತಾಗಿಸದೆ ಸ್ವಲ್ಪ ಕೆಳಗೆ ಹಾಕುತ್ತೇನೆ.

ಬ್ಯಾಟರ್ ಫೈನ್ ಆಗಿ ಸ್ವೀಪ್ ಮಾಡಲು ಶುರು ಮಾಡಿದರೆ ಬೌಲರ್ ತಕ್ಷಣ ಶಾರ್ಟ್ ಫೈನ್ ಲೆಗ್ ಕೇಳುತ್ತಾನೆ. ಅವನೂ ಗೆರೆಯ ಹಿಂದಿನವನೇ. ಅದಕ್ಕೆ ಹೊಸಬನನ್ನು ತರದೆ ಲೆಗ್ ಸ್ಲಿಪ್‌ನವನನ್ನೇ ಅಲ್ಲಿಗೆ ಕಳಿಸುವ ಬಾಣದ ಗುರುತನ್ನು ನಕ್ಷೆಯಲ್ಲಿ ಮೊದಲೇ ಹಾಕಿರುತ್ತೇನೆ.