ಕವರ್ ಪ್ಲೇಟ್ ಮುಗಿಯುವ ಜಾಗಕ್ಕೆ ಎಷ್ಟು ವರ್ಷ ಆಯುಸ್ಸು?

ಅಮೆರಿಕದ ಕನೆಕ್ಟಿಕಟ್‌ನಲ್ಲಿ 1958ರಲ್ಲಿ ಸಂಚಾರಕ್ಕೆ ತೆರೆದ ಯೆಲ್ಲೋ ಮಿಲ್ ಪಾಂಡ್ ಸೇತುವೆಯ ಒಂದು ಗರ್ಡರ್ ಬಿರಿದಿರುವುದು 1970ರಲ್ಲಿ ಕಂಡುಬಂತು. ಗರ್ಡರಿನ ಕೆಳಗಿನ ಅಡ್ಡ ಭಾಗವಾದ ಫ್ಲ್ಯಾಂಜ್ ಪೂರ್ತಿ ಸೀಳಿ, ಬಿರುಕು ನಡುವಿನ ನೆಟ್ಟಗಿನ ಭಾಗವಾದ ವೆಬ್‌ಗೂ ಹತ್ತಿತ್ತು. ಗರ್ಡರಿನ ನಡುಭಾಗಕ್ಕೆ ಬಲ ಕೊಡಲೆಂದು ಬೆಸೆಯುವ ಉಕ್ಕಿನ ಪಟ್ಟಿಗೆ ಕವರ್ ಪ್ಲೇಟ್ ಎನ್ನುತ್ತಾರೆ. ಆ ಪಟ್ಟಿ ಮುಗಿಯುವ ಕಡೆ, ಬೆಸುಗೆಯ ಅಂಚಿನಲ್ಲಿಯೇ ಬಿರುಕು ಹುಟ್ಟಿತ್ತು. ಬಲಕ್ಕೆಂದು ಸೇರಿಸಿದ್ದೇ ಬಲಹೀನತೆಯ ಜಾಗವಾಯಿತು. ಅಂಥ ಜಾಗದ ಆಯುಸ್ಸನ್ನು ಅಳೆಯುವ ಕ್ರಮವನ್ನು ಯುರೋಪಿನ ಸಂಹಿತೆ ಯೂರೋಕೋಡ್ 3ರ ಪ್ರಕಾರ ನೋಡೋಣ. ಇಲ್ಲಿನ ಸೇತುವೆ ಮತ್ತು ಲಾರಿಗಳ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು.

ಮೊದಲು ಜೋಡಣೆಯ ದರ್ಜೆ, ಅಂದರೆ ಡಿಟೇಲ್ ಕೆಟಗರಿ, ಹುಡುಕಬೇಕು. ನಮ್ಮ ಫ್ಲ್ಯಾಂಜ್ 20 ಮಿ.ಮೀ. ದಪ್ಪ, ಅದಕ್ಕೆ ಬೆಸೆದ ಪಟ್ಟಿ 16 ಮಿ.ಮೀ. ಕೋಷ್ಟಕದಲ್ಲಿ ಇದರ ದರ್ಜೆ 56. ಒತ್ತಡ 56 ಮೆಗಾಪಾಸ್ಕಲ್‌ನಷ್ಟು ಏರಿಳಿದರೆ ಈ ಜೋಡಣೆ 20 ಲಕ್ಷ ಸಲ ತಾಳುತ್ತದೆ ಎಂದು ಅದರ ಅರ್ಥ. ಇಲ್ಲೊಂದು ಎಚ್ಚರ ಬೇಕು. ನಮ್ಮ ಐಎಸ್ 800:2007 ಸಂಹಿತೆ ಇದೇ ದರ್ಜೆಯನ್ನು 50 ಲಕ್ಷ ಸಲಕ್ಕೆ ಹೇಳುತ್ತದೆ. ಹಾಗಾಗಿ ಯುರೋಪಿನ 80 ನಮ್ಮಲ್ಲಿ 59 ಆಗುತ್ತದೆ. ಒಂದರ ಅಂಕಿಯನ್ನು ಇನ್ನೊಂದರ ಸೂತ್ರಕ್ಕೆ ಹಾಕಿದರೆ ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ಆಯುಸ್ಸು ಎರಡೂವರೆ ಪಟ್ಟು ತಪ್ಪಿರುತ್ತದೆ.

ಎರಡನೆಯದು ಒತ್ತಡದ ಏರಿಳಿತ. ಲಾರಿಯೊಂದು ಹಾದುಹೋಗುವಾಗ ಒತ್ತಡ ಎಷ್ಟು ಏರಿ ಎಷ್ಟು ಇಳಿಯಿತು ಎಂಬುದಷ್ಟೇ ಬೇಕು. ಸೇತುವೆಯ ಸ್ವಂತ ಭಾರ ಎರಡೂ ಕಡೆ ಇರುವುದರಿಂದ ಕಳೆದುಹೋಗುತ್ತದೆ. ಲಾರಿ ಕುಲುಕುವುದರಿಂದ ಬೀಳುವ ಹೆಚ್ಚಿನ ಪೆಟ್ಟನ್ನು ಮಾತ್ರ ಸೇರಿಸಿಕೊಳ್ಳಲೇಬೇಕು. ಪಟ್ಟಿ ಮುಗಿಯುವ ಬಿಂದುವಿನಲ್ಲಿ ಬಾಗುಬಲ 240 ಕಿಲೋನ್ಯೂಟನ್-ಮೀಟರ್‌ನಷ್ಟು ಏರಿಳಿಯುತ್ತದೆ ಎನ್ನಿ. ಬಾಗುವಿಕೆಗೆ ಅಡ್ಡಕೊಯ್ತ ಎಷ್ಟು ತಡೆ ಒಡ್ಡುತ್ತದೆ ಎಂದು ಹೇಳುವ ಅಳತೆ ಸೆಕ್ಷನ್ ಮಾಡ್ಯುಲಸ್; ಬರೀ ಗರ್ಡರಿಗೆ ಅದು 60 ಲಕ್ಷ ಘನ ಮಿ.ಮೀ. ಭಾಗಿಸಿದರೆ 40 ಮೆಗಾಪಾಸ್ಕಲ್. ಪಟ್ಟಿಯನ್ನೂ ಸೇರಿಸಿ ಮಾಡ್ಯುಲಸ್ ತೆಗೆಯುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಬಿರುಕು ಏಳುವುದು ಪಟ್ಟಿಯ ಆಚೆ ಬದಿಯಲ್ಲಿ, ಅಲ್ಲಿ ಭಾರ ಹೊರುವುದು ಬರೀ ಗರ್ಡರ್.

ಮೂರನೆಯ ಹೆಜ್ಜೆ ಸುರಕ್ಷತೆ. ಒಂದು ಗರ್ಡರ್ ಹೋದರೆ ಸೇತುವೆಯೇ ಹೋಗುವಂತಿದ್ದರೆ 56ನ್ನು 1.35ರಿಂದ ಭಾಗಿಸಬೇಕು. ಉಳಿಯುವುದು 41.5. ಇನ್ನು ಜೋಡಣೆ ಎಷ್ಟು ಸಲ ತಾಳುತ್ತದೆ ಎಂಬುದನ್ನು N ಎಂದುಕೊಂಡರೆ ಸೂತ್ರ:

```
N = 2×10^6 × (41.5/40)^3 ≈ 22.3 ಲಕ್ಷ
```

ಘನದ ಘಾತ ಇರುವುದನ್ನು ಗಮನಿಸಿ. ಏರಿಳಿತ ಹತ್ತೇ ಶೇಕಡಾ ಹೆಚ್ಚಿದರೂ ಆಯುಸ್ಸಿನ ಕಾಲು ಭಾಗ ಹೋಗುತ್ತದೆ. ಮಿತಿಮೀರಿ ತುಂಬಿದ ಮರಳು ಲಾರಿ ಸೇತುವೆಗೆ ಮಾಡುವ ಹಾನಿ ಅದರ ತೂಕಕ್ಕಿಂತ ದೊಡ್ಡದು.

ಎಲ್ಲ ಲಾರಿಗಳೂ ಒಂದೇ ತೂಕದವಲ್ಲ. ದಿನಕ್ಕೆ 100 ಲಾರಿಗಳಿಂದ 40, ಉಳಿದ 400 ಲಾರಿಗಳಿಂದ 28 ಮೆಗಾಪಾಸ್ಕಲ್ ಏರಿಳಿತ ಬರುತ್ತದೆ ಎಂದುಕೊಳ್ಳಿ. ಏರಿಳಿತಕ್ಕೂ ತಾಳುವ ಸಲಕ್ಕೂ ಇರುವ ನಂಟನ್ನು ತೋರಿಸುವ ರೇಖೆ ಇಲ್ಲಿ ತಿರುವು ತೆಗೆದುಕೊಳ್ಳುತ್ತದೆ. 41.5ರ 0.737 ಪಾಲು, ಅಂದರೆ ಸುಮಾರು 30.6ರ ಕೆಳಗೆ ಘಾತ 3ರ ಬದಲು 5:

```
N = 5×10^6 × (30.6/28)^5 ≈ 78 ಲಕ್ಷ
```

ಎಲ್ಲ ಲಾರಿಗಳೂ 30.6ರ ಒಳಗೇ ಇದ್ದಿದ್ದರೆ ಈ ಜೋಡಣೆ ಕೊನೆಯಿಲ್ಲದೆ ಬಾಳುತ್ತಿತ್ತು. ಆದರೆ ಭಾರದವು ಬಿರುಕಿಗೆ ಬಾಯಿ ತೆರೆದ ಮೇಲೆ ಹಗುರದವೂ ಅದನ್ನು ಬೆಳೆಸುತ್ತವೆ.

ಈಗ ಮೈನರ್ ನಿಯಮದಂತೆ ವರ್ಷದ ಹಾನಿಯನ್ನು ಕೂಡಿಸಿ. 36,500 ಸಲವನ್ನು 22.3 ಲಕ್ಷದಿಂದ ಭಾಗಿಸಿದರೆ 0.016. 1,46,000 ಸಲವನ್ನು 78 ಲಕ್ಷದಿಂದ ಭಾಗಿಸಿದರೆ 0.019. ಒಟ್ಟು 0.035. ಈ ಮೊತ್ತ 1 ಮುಟ್ಟುವ ದಿನ ಆಯುಸ್ಸು ಮುಗಿಯಿತು ಎಂದು ಲೆಕ್ಕ: ಸುಮಾರು 28 ವರ್ಷ. ಐದರಲ್ಲೊಂದು ಪಾಲು ಲಾರಿಗಳು ಹಾನಿಯ ಅರ್ಧಕ್ಕೆ ಹತ್ತಿರ ಮಾಡಿವೆ.

ನೂರು ವರ್ಷಕ್ಕೆಂದು ಕಟ್ಟುವ ಸೇತುವೆಗೆ 28 ಸಾಲದು. ಹಾಗೆಂದು ಫ್ಲ್ಯಾಂಜ್ ಪೂರ್ತಿ ದಪ್ಪ ಮಾಡಬೇಕಿಲ್ಲ. ಸಾದಾ ಗರ್ಡರಿನಲ್ಲಿ ಆಧಾರದ ಕಡೆಗೆ ಹೋದಷ್ಟೂ ಬಾಗುಬಲ ಇಳಿಯುತ್ತದೆ, ಆದ್ದರಿಂದ ಪಟ್ಟಿಯನ್ನು ಅತ್ತ ಇನ್ನಷ್ಟು ಉದ್ದ ಹರಿಸಿ, ಏರಿಳಿತ ಕಡಿಮೆ ಇರುವ ಕಡೆ ಮುಗಿಸಿ. ತುದಿಯನ್ನು ಬೆಸೆಯುವ ಬದಲು ಬಿಗಿ ಬೋಲ್ಟ್‌ಗಳಿಂದ ಹಿಡಿಸಿದರೆ ಜೋಡಣೆಗೆ ಮೇಲಿನ ದರ್ಜೆಯೇ ಸಿಗುತ್ತದೆ.

ಈ ಲೆಕ್ಕ ಕೋಷ್ಟಕದ ಮಟ್ಟಕ್ಕೆ ಸರಿಯಾಗಿ ಮಾಡಿದ ಬೆಸುಗೆಗೆ ಮಾತ್ರ. ಅಂಚು ಕೊರೆದುಹೋದ ಬೆಸುಗೆಗೂ ತುಕ್ಕು ತಿಂದ ಫ್ಲ್ಯಾಂಜಿಗೂ 56 ಅನ್ವಯಿಸದು. ಸೇತುವೆಯ ಕೆಳಗೆ ಹೋದಾಗ ಪಟ್ಟಿ ಮುಗಿಯುವ ಕಡೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೆಸುಗೆಯ ಬುಡಕ್ಕೆ ಅಂಟಿಕೊಂಡು, ಫ್ಲ್ಯಾಂಜಿಗೆ ಅಡ್ಡಲಾಗಿ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಇದ್ದು, ಅದರಿಂದ ಕಂದು ತುಕ್ಕು ಒಸರಿದ್ದರೆ ಲೆಕ್ಕದಲ್ಲಿ ಎಷ್ಟು ವರ್ಷ ಉಳಿದಿದೆ ಎಂದು ನೋಡುತ್ತ ಕೂರಬೇಡಿ. ಬಣ್ಣ ಕೆರೆದು, ಅದೇ ದಿನ ಪರೀಕ್ಷಕರನ್ನು ಕರೆಸಿ.